ಗಿರಿಯಪ್ಪನ ಮೇಲಿನ ಬಿಸಿಲು

ದೇಶಪಾಂಡೆ ನಗರದ ಫೋಟೊ ಸ್ಟುಡಿಯೋದ ಪೂನಮ್‌ಗೆ ಸುಳ್ಳು ನೆರಳು ಕಂಡರೆ ಮೈಯೆಲ್ಲ ಉರಿಯುತ್ತದೆ. ಅಮ್ಮಿನಬಾವಿಯ ಕಸ್ತೂರೆವ್ವ, ತೀರಿಹೋದ ಗಂಡ ಗಿರಿಯಪ್ಪನನ್ನು ಮನೆಯ ಮುಂದೆ ನಿಂತಂತೆ ಮಾಡಿಕೊಡಲು ಗಂಡನದೊಂದು, ಮನೆಯದೊಂದು ಫೋಟೊ ಕೊಟ್ಟಿದ್ದಳು. ಟ್ಯೂಬ್‌ಲೈಟಿಗೆ ನೀಲಿಗಟ್ಟಿದ್ದ ಮುಖಕ್ಕೆ ಪೂನಮ್ ಮನೆಯ ಫೋಟೊದಲ್ಲಿದ್ದ ಸಂಜೆಬಿಸಿಲಿನ ಹಳದಿ ತಂದಳು. ಆದರೂ ಕೂಡಲಿಲ್ಲ. ಮುಖಕ್ಕೆ ಬೆಳಕು ಎಡದಿಂದ ಬಿದ್ದಿತ್ತು, ಮನೆಗೆ ಬಲದಿಂದ. ಗಿರಿಯಪ್ಪನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದಳು, ಬೆಳಕು ಸರಿಹೋಯಿತು.

"ಇವರ ಮಚ್ಚಿ ಆ ಕಡಿ ಗಲ್ಲಕ್ಕಿತ್ತರಿ," ಎಂದಳು ಪಕ್ಕದಲ್ಲೇ ನಿಂತು ನೋಡುತ್ತಿದ್ದ ಕಸ್ತೂರೆವ್ವ.

ಪೂನಮ್ ತನ್ನ ಮೇಲೆಯೇ ಸಿಡುಕಿದಳು. "ಅವರನ್ನ ತಿರುಗಿಸೂದ ತಪ್ಪಾತ್ರಿ. ಮನಿ ಫೋಟೊ ಮುಂಜಾನಿ ಬಿಸಿಲಾಗ ಇನ್ನೊಂದ ತಗಿಸಿಕೊಂಡು ಬರ್ರಿ. ಆಗ ಬೆಳಕು ಎಡಗಡಿಂದ ಬರ್ತೈತಿ."

ಕಸ್ತೂರೆವ್ವ ನಕ್ಕಳು. "ಖರೇ ಐತಿ. ಸಂಜೀಕ ಅವರು ಎಂದಾದ್ರೂ ಮನ್ಯಾಗ ಇದ್ದವರ?"