ಗೈಡ್‌ನ ಎರಡನೆಯ ಪುಟ

ಕಂಪನಿಯ ಇಮೇಲನ್ನು ಹೊಸ ಸರ್ವರ್‌ಗೆ ಬದಲಾಯಿಸುವುದೆಂದು ತೀರ್ಮಾನವಾದಾಗ, ಸಿಬ್ಬಂದಿಗೆಲ್ಲ ಅರ್ಥವಾಗುವಂತೆ ಗೈಡ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮದು ಹಡಗುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಕಂಪನಿ. ಈ ಪರದೇಶದ ಊರಿನಲ್ಲಿ ಆಫೀಸು ಪಾಯಾ ಲೆಬಾರ್‌ನಲ್ಲಿ, ಗೋದಾಮು ಇನ್ನೊಂದು ತುದಿಯ ಬೂನ್ ಲೇ ಕಡೆ. ಐಟಿ ವಿಭಾಗ ಅಂದರೆ ನಾನೊಬ್ಬಳೇ.

ಎರಡು ಪುಟದ ಗೈಡ್ ಮಾಡಿದೆ. ಮೊದಲನೆಯದರಲ್ಲಿ ಮೇಲ್ ಬರುವ ದಾರಿ: ಐಮ್ಯಾಪ್ ಸರ್ವರಿನ ಹೆಸರು, ಪೋರ್ಟ್ 993, ಎಸ್‌ಎಸ್‌ಎಲ್ ಎಂಬ ಭದ್ರತೆ ಆನ್ ಇರಬೇಕು, ಯೂಸರ್‌ನೇಮ್ ಎಂದರೆ ಪೂರ್ತಿ ಇಮೇಲ್ ವಿಳಾಸ. ಎರಡನೆಯದರಲ್ಲಿ ಮೇಲ್ ಹೋಗುವ ದಾರಿ: ಅದೇ ಸರ್ವರ್, ಪೋರ್ಟ್ 587, ಸ್ಟಾರ್ಟ್‌ಟಿಎಲ್‌ಎಸ್ ಎಂಬ ಭದ್ರತೆ, ಮತ್ತೆ ಅದೇ ಯೂಸರ್‌ನೇಮ್, ಅದೇ ಪಾಸ್‌ವರ್ಡ್. ಐಫೋನಿನಲ್ಲಿ ಈ ಕೊನೆಯ ಎರಡು ಜಾಗಗಳಲ್ಲಿ ‘ಆಪ್ಷನಲ್’ ಎಂದು ಮಸುಕಾಗಿ ಬರೆದಿರುತ್ತದೆ. ಅದನ್ನು ನಂಬಬೇಡಿ, ಖಾಲಿ ಬಿಟ್ಟರೆ ನಮ್ಮ ಸರ್ವರ್ ನಿಮ್ಮ ಮೇಲನ್ನು ತೆಗೆದುಕೊಳ್ಳುವುದಿಲ್ಲ ಎಂದು ದಪ್ಪಕ್ಷರದಲ್ಲಿ ಹಾಕಿದ್ದೆ.

ಮೇಲ್ ಸೆಟ್ ಮಾಡುವುದು ಹೇಗೆಂಬುದನ್ನು ಮೇಲ್‌ನಲ್ಲೇ ಕಳಿಸಿ ಪ್ರಯೋಜನವಿಲ್ಲವಲ್ಲ. ಹಾಗಾಗಿ ನಮ್ಮ ಆಪರೇಷನ್ಸ್ ಮ್ಯಾನೇಜರ್ ಅದನ್ನು ಗೋದಾಮಿನವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆಂದರು. ಅವರು ಬೆಂಗಳೂರಿನವರು, ನನಗಿಂತ ಚಿಕ್ಕವರು, ಸದಾ ಅವಸರದಲ್ಲಿರುವವರು. ಆಮೇಲೆ ಗೊತ್ತಾಯಿತು, ಹಾಕಿದ್ದು ಮೊದಲ ಪುಟದ ಫೋಟೊ ಮಾತ್ರ.

ಆ ವಾರ ಫೋನ್ ಕರೆಗಳಲ್ಲೇ ಕಳೆಯಿತು. ಒಬ್ಬರು ಯೂಸರ್‌ನೇಮ್ ಜಾಗದಲ್ಲಿ ಬರೀ ಹೆಸರು ಬರೆದಿದ್ದರು. ಇನ್ನೊಬ್ಬರು ಹಳೆಯ ಪಾಸ್‌ವರ್ಡನ್ನೇ ಒತ್ತುತ್ತಾ ಕೂತಿದ್ದರು. ಅಕೌಂಟ್ಸ್ ವಿಭಾಗದ ಚೀನೀ ಆಂಟಿ ಪ್ರತಿ ಸಲ ಕರೆ ಮಾಡಿದಾಗಲೂ ಇಲ್ಲಿಯವರ ಧಾಟಿಯಲ್ಲಿ ‘ಸಾರಿ ಲಾ’ ಎಂದು ಶುರುಮಾಡುತ್ತಿದ್ದರು. ಹೌಗಾಂಗ್‌ನ ನನ್ನ ಮನೆಯಲ್ಲಿ ಒಗ್ಗರಣೆ ಹಾಕುವಾಗಲೂ ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡಿರುತ್ತಿದ್ದೆ. ‘ಸೆಟ್ಟಿಂಗ್ಸ್ ಓಪನ್ ಮಾಡಿ’ ಎಂದು ಎಷ್ಟು ಸಲ ಹೇಳಿದೆನೋ, ಕೊನೆಗೆ ನನ್ನ ದನಿ ನನಗೇ ಬೇಸರವಾಗಿತ್ತು.

ಕರೆ ಮಾಡದೇ ಇದ್ದವರಲ್ಲಿ ಗೋದಾಮಿನ ಸೂಪರ್‌ವೈಸರ್ ಒಬ್ಬರು. ಉಡುಪಿ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ನಾನೂ ಮ್ಯಾನೇಜರೂ ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆವು. ಅವರ ಕೆಲಸವೆಲ್ಲ ಫೋನಿನಲ್ಲೇ, ಮೇಜಿನ ಮುಂದೆ ಕೂರುವುದು ಕಡಿಮೆ. ಕರೆ ಬಾರದೇ ಇದ್ದದ್ದಕ್ಕೆ ನಾನು ಮನಸ್ಸಿನಲ್ಲೇ ಅವರಿಗೆ ಕೃತಜ್ಞಳಾಗಿದ್ದೆ.

ಒಂದು ಮಧ್ಯಾಹ್ನ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಬೂನ್ ಲೇ ಅಂಕಲ್‌ಗೆ ಮೇಲ್ ರೀಚ್ ಆಗ್ತಿದ್ಯಾ ಒಂದ್ಸಲ ಚೆಕ್ ಮಾಡಿ. ಸ್ಟಾಕ್ ಬಗ್ಗೆ ಕೇಳಿದ್ದಕ್ಕೆ ಒಂದಕ್ಕೂ ರಿಪ್ಲೈ ಇಲ್ಲ.”

ಸರ್ವರಿನ ಲಾಗ್, ಅಂದರೆ ಬಂದುಹೋದದ್ದರ ದಾಖಲೆ, ತೆಗೆದೆ. ಅವರ ಫೋನ್ ಐಮ್ಯಾಪ್‌ಗೆ ಸರಿಯಾಗಿ ಲಾಗಿನ್ ಆಗುತ್ತಿತ್ತು. ಮ್ಯಾನೇಜರ್ ಕಳಿಸಿದ ಮೇಲ್‌ಗಳೆಲ್ಲ ಓದಿದ ಗುರುತಿನೊಂದಿಗೆ ಇದ್ದವು.

“ಹೋಗ್ತಿದೆ ಸರ್. ಓದಿಯೂ ಇದ್ದಾರೆ.”

“ಓದಿ ಸುಮ್ನಿದ್ದಾರಾ? ಸರಿ ಬಿಡಿ.” ಅವರ ಮುಖ ಬಿಗಿಯಾಯಿತು. “ಹೊಸ ಸಿಸ್ಟಮ್ ಬೇಡ ಅಂತ ಮೊದ್ಲಿಂದ್ಲೂ ಅವರದ್ದು ಇದೇ ಹಟ.”

ನಾನು ಹೇಳಿದ್ದು ನಿಜವೇ. ಆದರೆ ಮೇಲ್ ಬರುವುದು ಬೇರೆ, ಹೋಗುವುದು ಬೇರೆ. ಮೇಲ್ ಹೋಗುವ ಪೋರ್ಟ್ 587ರ ಲಾಗನ್ನೂ ತೆಗೆದು ನೋಡಬಹುದಿತ್ತು. ಅಷ್ಟರಲ್ಲಿ ಮತ್ತೊಂದು ಕರೆ ಬಂತು, ಪರದೆಯ ಮೇಲಿನ ಲಾಗನ್ನು ಮುಚ್ಚಿದೆ.

ಮುಂದಿನ ವಾರ ಪ್ಯಾಕಿಂಗ್ ಕೋಣೆಯ ಕಂಪ್ಯೂಟರುಗಳನ್ನು ಹೊಸ ಸರ್ವರ್‌ಗೆ ಸೇರಿಸಲು ಬೂನ್ ಲೇಗೆ ಹೋದೆ. ಅಂಕಲ್ ಎಂದಿನಂತೆ ಚಹಾ ತರಿಸಲಿಲ್ಲ. ಪೆಟ್ಟಿಗೆಗಳ ನಡುವೆ ಬೆನ್ನು ತಿರುಗಿಸಿ ನಿಂತೇ ಇದ್ದರು.

“ಏನಂಕಲ್, ಹುಷಾರಿಲ್ವಾ?”

“ಹುಷಾರೆಲ್ಲ ಉಂಟು.” ಪೆಟ್ಟಿಗೆಯೊಂದನ್ನು ಎಳೆದು ಸರಿಸಿದರು. “ಇಷ್ಟು ವರ್ಷ ದುಡಿದವನಿಗೆ ಒಂದು ಉತ್ತರ ಕೊಡ್ಲಿಕ್ಕೂ ಆಗೂದಿಲ್ವಾ ಆ ಮ್ಯಾನೇಜರ್ ಹುಡುಗನಿಗೆ? ರಜೆ ಇಲ್ಲಾಂದ್ರೆ ಇಲ್ಲ ಅಂತ ಹೇಳ್ಲಿ. ಮೂರ್ಖನ ಹಾಗೆ ದಿನಾ ಫೋನ್ ನೋಡ್ತಾ ಕೂತಿದ್ದೇನೆ.”

ಊರಿನಲ್ಲಿರುವ ಅವರ ಹೆಂಡತಿಗೆ ಮಂಡಿಯ ಆಪರೇಷನ್. ಡಾಕ್ಟರು ದಿನ ಕೊಟ್ಟಿದ್ದರು. ರಜೆಯನ್ನು ಮೇಲ್‌ನಲ್ಲೇ ಕೇಳಬೇಕು, ವಾಟ್ಸಾಪ್‌ನಲ್ಲಿ ಅಲ್ಲ ಎಂದು ಮ್ಯಾನೇಜರ್ ಹಿಂದೊಮ್ಮೆ ಎಲ್ಲರೆದುರು ಅವರಿಗೆ ಹೇಳಿದ್ದರಂತೆ. ಅದಕ್ಕೇ ಮೇಲ್ ಬರೆದರು. ಉತ್ತರವಿಲ್ಲ. ಮತ್ತೆ ಬರೆದರು. ಉತ್ತರವಿಲ್ಲ. ಫೋನ್ ಮಾಡಿ ಬೇಡಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

“ಅಂಕಲ್, ಫೋನ್ ಕೊಡಿ ಒಂದ್ನಿಮಿಷ.”

“ಮೇಲ್ ಎಲ್ಲ ಸರಿ ಬರ್ತದೆ ಮಾರಾಯ್ತಿ. ನೀನು ಬರೆದ ಕಾಗದ ನೋಡಿ ನಾನೇ ಮಾಡಿದ್ದು.”

ಮೇಲ್ ತೆರೆದೆ. ಇನ್‌ಬಾಕ್ಸ್ ತುಂಬಿತ್ತು. ಕೆಳಗೆ, ಬೇರೆಯವರ ಫೋನಿನಲ್ಲಿ ಸಾಮಾನ್ಯವಾಗಿ ಕಾಣದ ಔಟ್‌ಬಾಕ್ಸ್ ಎಂಬ ಸಾಲು ಕಾಣಿಸುತ್ತಿತ್ತು. ಒತ್ತಿದೆ. ರಜೆಯ ಮೇಲ್, ಅದರ ನೆನಪೋಲೆ, ಸ್ಟಾಕ್ ಪ್ರಶ್ನೆಗಳಿಗೆ ಬರೆದ ಒಂದೊಂದು ಉತ್ತರ, ಎಲ್ಲವೂ ಅಲ್ಲೇ ಕೂತಿದ್ದವು. ಒಂದೂ ಫೋನ್ ಬಿಟ್ಟು ಹೊರಗೆ ಹೋಗಿರಲಿಲ್ಲ.

“ಕಳಿಸಿದಾಗ ಏನಾದ್ರೂ ಮೆಸೇಜ್ ಬರ್ತಿತ್ತಾ?”

“ಎಂಥದೋ ಬರ್ತಿತ್ತು. ಓಕೆ ಅಂತ ಉಂಟಲ್ಲ, ಒತ್ತಿದೆ.”

ಸೆಟ್ಟಿಂಗ್ಸ್‌ಗೆ ಹೋಗಿ ಮೇಲ್ ಕಳಿಸುವ ಸರ್ವರಿನ ಭಾಗ ತೆಗೆದೆ. ಎರಡನೆಯ ಪುಟ ಸಿಗದ ಕಾರಣ ಅವರು ಅಲ್ಲಿ ಮೊದಲ ಪುಟದ ಸರ್ವರ್ ಹೆಸರನ್ನೇ ಬರೆದಿದ್ದರು. ಅದು ಸರಿಯೇ. ಯೂಸರ್‌ನೇಮ್ ಖಾಲಿ, ಪಾಸ್‌ವರ್ಡ್ ಖಾಲಿ.

“ಆಪ್ಷನಲ್ ಅಂತ ಉಂಟಲ್ಲ,” ಎಂದರು, ನನ್ನ ಭುಜದ ಮೇಲಿಂದ ಇಣುಕಿ.

“ಫೋನ್ ಹಾಗನ್ನುತ್ತೆ ಅಂಕಲ್. ನಮ್ಮ ಸರ್ವರ್ ಒಪ್ಪಲ್ಲ. ಯಾರು ಕಳಿಸ್ತಿದ್ದಾರೆ ಅಂತ ಗೊತ್ತಾಗ್ದೆ ಅದು ಒಂದು ಮೇಲನ್ನೂ ತಗೊಳ್ಳಲ್ಲ.”

ಪೂರ್ತಿ ವಿಳಾಸ ನಾನು ಹಾಕಿದೆ, ಪಾಸ್‌ವರ್ಡನ್ನು ಅವರೇ ಒತ್ತಿದರು. ಸೇವ್ ಮಾಡಿದೆ. ಔಟ್‌ಬಾಕ್ಸ್‌ನಲ್ಲಿದ್ದವು ಒಂದರ ಹಿಂದೊಂದು ಹೊರಟವು, ಕೊನೆಗೆ ಆ ಸಾಲೇ ಮಾಯವಾಯಿತು. ಅಂಕಲ್ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ಸ್ವಲ್ಪ ಹೊತ್ತಿಗೆ ಅವರ ಫೋನ್ ಹೊಡೆದುಕೊಂಡಿತು. ಮ್ಯಾನೇಜರ್. ಅಂಕಲ್ ಅದನ್ನು ಸ್ಪೀಕರಿನಲ್ಲಿಟ್ಟರು.

“ಅಂಕಲ್, ಈಗ ಎಲ್ಲಾ ಒಟ್ಟಿಗೆ ಬಂತು... ನಾನು ನೀವು ಬೇಕಂತಲೇ ರಿಪ್ಲೈ ಮಾಡ್ತಿಲ್ಲ ಅಂದ್ಕೊಂಡಿದ್ದೆ. ಆಂಟಿ ಆಪರೇಷನ್ ಅಂತ ಒಂದು ಕಾಲ್ ಮಾಡ್ಬಾರ್ದಿತ್ತಾ?”

“ಮೇಲ್‌ನಲ್ಲೇ ಹಾಕ್ಬೇಕು ಅಂದದ್ದು ನೀವೇ ಅಲ್ವಾ?”

“ರಜಾ ಅಪ್ರೂವ್ ಅಂಕಲ್. ಎಷ್ಟು ದಿನ ಬೇಕೋ ಅಷ್ಟು ತಗೊಳ್ಳಿ. ಸಾರಿ.”

ಅಂಕಲ್ ಫೋನ್ ಇಟ್ಟರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. “ನಿನ್ನೆ ರಾತ್ರಿ ಅವಳಿಗೆ ಹೇಳಿದ್ದೇನೆ, ಈಗ ಆಗೂದಿಲ್ಲ, ಡಾಕ್ಟ್ರಿಗೆ ಬೇರೆ ದಿನ ಕೇಳು ಅಂತ. ಆ ದಿನ ಇಷ್ಟೊತ್ತಿಗೆ ಬೇರೆಯವರಿಗೆ ಕೊಟ್ಟಿರ್ತಾರೆ.”

ಹಾಗೆಯೇ ಆಗಿತ್ತು. ಆಪರೇಷನ್ ಒಂದು ತಿಂಗಳು ಮುಂದಕ್ಕೆ ಹೋಯಿತು. ಅಷ್ಟು ದಿನ ಆಕೆ ನೋವನ್ನು ಸಹಿಸಿಕೊಂಡೇ ಓಡಾಡಿದರಂತೆ. ಅಂಕಲ್ ಹೋದರು, ಎಲ್ಲ ಚೆನ್ನಾಗಿ ಮುಗಿಸಿಕೊಂಡು ಬಂದರು. ಮ್ಯಾನೇಜರನ್ನು ‘ಹುಡುಗ’ ಎನ್ನುವುದನ್ನು ಬಿಟ್ಟರು, ‘ಸರ್’ ಎನ್ನತೊಡಗಿದರು. ಅದು ಮ್ಯಾನೇಜರಿಗೆ ಹಿಡಿಸಲಿಲ್ಲವೆಂದು ನನಗೆ ಗೊತ್ತು.

ಅವತ್ತು ಬೂನ್ ಲೇಯಿಂದ ವಾಪಸಾಗುವಾಗ ರೈಲಿನಲ್ಲೇ ಲ್ಯಾಪ್‌ಟಾಪ್ ತೆರೆದು ಗೈಡನ್ನು ತಿದ್ದಿದೆ. ಬರುವುದು, ಹೋಗುವುದು ಎರಡನ್ನೂ ಒಂದೇ ಪುಟಕ್ಕೆ ತಂದೆ. ಚಿತ್ರಗಳನ್ನು ಕಿರಿದು ಮಾಡಿದೆ. ಕೊನೆಗೊಂದು ಹೊಸ ಹೆಜ್ಜೆ ಸೇರಿಸಿದೆ: ಎಲ್ಲ ಮುಗಿದ ಮೇಲೆ ನನಗೊಂದು ಮೇಲ್ ಕಳಿಸಿ, ನನ್ನಿಂದ ಉತ್ತರ ಬಂದರೆ ಮಾತ್ರ ಕೆಲಸ ಆಯಿತೆಂದು ತಿಳಿಯಿರಿ.

ನನ್ನ ಕೆಲಸವನ್ನು ನಾನೇ ಹೆಚ್ಚು ಮಾಡಿಕೊಂಡೆನೆಂದು ಅದನ್ನು ಎಲ್ಲರ ವಾಟ್ಸಾಪಿಗೂ ಕಳಿಸಿದ ಮೇಲೆ ಹೊಳೆಯಿತು. ಕಣ್ಣು ಎಳೆಯುತ್ತಿತ್ತು. ಇಳಿಯುವ ಸ್ಟೇಷನ್ ಬರುವ ಮೊದಲೇ ಮೇಲ್‌ಗಳು ಬರತೊಡಗಿದವು. ಒಂದರಲ್ಲಿ ‘ಟೆಸ್ಟ್’, ಒಂದರಲ್ಲಿ ‘ಹಲೋ’, ಇನ್ನೊಂದರಲ್ಲಿ ಏನೂ ಇರಲಿಲ್ಲ. ಒಬ್ಬೊಬ್ಬರಿಗೂ ‘ಬಂತು’ ಎಂದು ಬರೆಯುತ್ತಾ ಹೋದೆ.