ಎರಡನೆಯ ಲೋಟದ ಚಹಾ

ಚಹಾಪುಡಿ ಕಂಪನಿಯ ಸೇಲ್ಸ್‌ನಲ್ಲಿ ನಾನು ಆರು ವರ್ಷದಿಂದ ಇದ್ದೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಅಂಗಡಿಗಳಲ್ಲಿ ಆರ್ಡರ್ ಬರೆದುಕೊಳ್ಳುವುದು ಕೆಲಸ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದಿದ್ದರೆ, ಹಳೆಯ ಮಾಲು ಹಾಗೇ ಉಳಿದಿದ್ದ ಅಂಗಡಿಗೂ ಇನ್ನೊಂದು ಪೆಟ್ಟಿಗೆ ಇಳಿಸಿ ಬರುತ್ತಿದ್ದೆ. ಅದರಿಂದ ತಪ್ಪಿಸಿಕೊಳ್ಳಲು ಮಾರ್ಕೆಟಿಂಗ್ ವಿಭಾಗಕ್ಕೆ ಅರ್ಜಿ ಕೊಟ್ಟೆ. ಅಲ್ಲಿಯ ಅಧಿಕಾರಿ, ಒಂದು ದಿನ ನನ್ನ ಕೆಲಸ ನೋಡಿ ತೀರ್ಮಾನಿಸುತ್ತೇನೆಂದು ಕೊಟ್ಟೂರಿಗೆ ಬಂದರು.

ಅಂದು ಆ ವಿಭಾಗದ ಕೆಲಸದಂತೆ ಮನೆಮನೆಗೆ ಹೋಗಿ, ಹೆಸರಿಲ್ಲದ ಎರಡು ಪುಡಿ ಕೊಟ್ಟು ಚಹಾ ಮಾಡಿಸಿ, ಯಾವುದು ಹಿಡಿಸಿತು, ಏಕೆ ಎಂದು ಕೇಳಬೇಕಿತ್ತು. ನಮ್ಮದು ಯಾವುದೆಂದು ಹೇಳಬಾರದು. ಅವರು ಹೇಳಿದ್ದನ್ನಷ್ಟೇ ಬರೆಯಬೇಕು.

ಮೊದಲ ಮನೆಯಲ್ಲಿ ಮೆಕ್ಯಾನಿಕ್ ಒಬ್ಬರ ಹೆಂಡತಿ ಎರಡನೆಯ ಲೋಟ ಕೆಳಗಿಟ್ಟರು.

"ಇದಕ್ಕ ಬಣ್ಣನ ಇಲ್ರಿ. ಪಾತ್ರಿ ತೊಳದ ನೀರು ಇದ್ದಂಗ ಐತಿ."

ಅದು ನಮ್ಮ ಪುಡಿ.

"ಇನ್ನೊಂಚೂರು ಕುದಸ್ರಿ ಅಕ್ಕಾರ, ಬಣ್ಣ ಹೆಂಗ ಬರತೈತಿ ನೋಡ್ರಿ!" ಎಂದುಬಿಟ್ಟೆ.

ಆಕೆ ನಕ್ಕರು. "ಹಂಗಾರ ಇದು ನಿಮ್ದು ಅನ್ರಿ. ಚಲೋ ಐತಿ ಅಂತ ಬರ್ಕೊಳ್ರಿ, ಪಾಪ."

ಅಧಿಕಾರಿ ಆ ಮನೆಯ ಉತ್ತರ ಬರೆಯುವ ಹಾಳೆಯ ಮೇಲೆ ಅಡ್ಡ ಗೀಟು ಎಳೆದರು. ಮೂರನೆಯ ಮನೆಯಲ್ಲಿಯೂ ನನ್ನ ಬಾಯಿ ನಿಲ್ಲಲಿಲ್ಲ.

ಸಂಜೆ ಬಸ್ ನಿಲ್ದಾಣದಲ್ಲಿ ಅವರು, "ನೀವು ಮಾರೋದು ಬಿಡಂಗಿಲ್ರಿ," ಎಂದು ಮೆತ್ತಗೆ ಹೇಳಿ ಅರ್ಜಿ ವಾಪಸು ಕೊಟ್ಟರು.

ಮರುದಿನ ಹಡಗಲಿಯಲ್ಲಿ ಅಂಗಡಿಯವರೊಬ್ಬರು, ನಮ್ಮ ಪುಡಿ ಏಕೆ ಹೋಗುತ್ತಿಲ್ಲ ಎಂದು ಕೇಳಿದರು. ನನಗೆ ಈಗ ಕಾರಣ ಗೊತ್ತಿತ್ತು. "ಹೋಗತೈತಿ ತಗೋರಿ," ಎಂದು ಆರ್ಡರ್ ಪುಸ್ತಕ ತೆರೆದೆ.