ಟೆಂಪೊ ಲೆಕ್ಕದಲ್ಲಿ ಭಾವನ ಭಾನುವಾರ

ಉಮರ್ಗಾದಲ್ಲಿ ಅಕ್ಕ ನಡೆಸುವ ಕೊರಿಯರ್ ಏಜೆನ್ಸಿಗೆ ನಿಲಂಗಾ ಹಾದು ಉದಗೀರದವರೆಗೆ ಹೋಗುವ ಲೈನೂ ಸಿಕ್ಕಿತ್ತು. ಅದಕ್ಕೊಂದು ಸಣ್ಣ ಟೆಂಪೊ ಬೇಕು. ಸಾಲ ಮಾಡಿ ಕೊಳ್ಳೋಣ ಎಂದು ಅಕ್ಕ, ಮೂರು ವರ್ಷದ ಲೀಸಿಗೆ ತರೋಣ ಎಂದು ಭಾವ. ಲೆಕ್ಕ ತಪ್ಪಿದರೆ ಲೈನ್ ದುಡಿದದ್ದನ್ನೆಲ್ಲ ಗಾಡಿಯೇ ತಿಂದು ಏಜೆನ್ಸಿಯ ಬಾಗಿಲು ಹಾಕಿಸುತ್ತದೆ. ತೀರ್ಪು ನನ್ನ ಪಾಲಿಗೆ ಬಂತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಒಂದೇ: ತನ್ನ ಪಕ್ಷವನ್ನು ಪ್ರೀತಿಸುವವನ ಲೆಕ್ಕ ನಂಬಬಾರದು. ಅದಕ್ಕೇ ಪಕ್ಷ ಅದಲುಬದಲು ಮಾಡಿದೆ. ಭಾವ ಖರೀದಿಯ ಪರ ವಾದಿಸಬೇಕು, ಅಕ್ಕ ಲೀಸಿನ ಪರ. ಡೀಸೆಲ್, ಡ್ರೈವರ್ ಪಗಾರ ಎರಡೂ ಕಡೆ ಒಂದೇ, ಅವನ್ನು ಎತ್ತುವಂತಿಲ್ಲ.

ಭಾವ ಗಂಟಲು ಸರಿಮಾಡಿಕೊಂಡರು. "ಲೀಸಿನವ್ರು ವರ್ಷಕ್ಕ ಇಷ್ಟೇ ಕಿಲೋಮೀಟರ್ ಅಂತ ಗೆರಿ ಹಾಕ್ಯಾರ. ನಾವು ದಿನಾ ಉದಗೀರಕ್ಕ ಹೋಗಿ ಬರೋರು, ಗೆರಿ ದಾಟೇ ದಾಟ್ತೀವಿ. ಮ್ಯಾಲಿನ ಒಂದೊಂದು ಕಿಲೋಮೀಟರಿಗೂ ರೊಕ್ಕ. ನಮ್ಮ ಗಾಡಿ ಆದ್ರ ಮೂರು ವರ್ಷ ಓಡಿಸಿ ಔರಾದದಾಗ ಮಾರಿದ್ರೂ ಒಂದಿಷ್ಟು ವಾಪಸ್ ಬರ್ತದ."

"ವಕೀಲ್‌ಸಾಬ್ರು ಭಾರಿ ಮಾತಾಡ್ಲಿಕತ್ತಾರ!" ಅಕ್ಕ ನಕ್ಕಳು. "ಗಾಡಿ ಕೆಟ್ಟು ಕೂತ್ರ ಪಾರ್ಸಲ್ ಯಾರ ತಲಿ ಮ್ಯಾಲ ಹೊರಸ್ತೀರಿ? ಲೀಸಿನವ್ರು ಬದಲಿ ಗಾಡಿ ಕಳಸ್ತಾರ. ವಿಮೆ, ಸರ್ವಿಸ್ ಎಲ್ಲಾ ಅವ್ರದೇ."

"ಸರ್ವಿಸ್ ಏನ್ ದೊಡ್ಡದು? ನಾ ಅದೀನಲ್ಲ. ಐತವಾರ ಮಾಡ್ತೀನಿ. ಫುಕಟ್."

ಅಂದವರು ತಾವೇ ನಾಲಿಗೆ ಕಚ್ಚಿಕೊಂಡರು. ಏಜೆನ್ಸಿಯ ಹಳೆಯ ವ್ಯಾನಿನ ಅಡಿಯಲ್ಲಿ ರಿಪೇರಿಗೆಂದು ಮಲಗಿಯೇ ಅವರ ಎಷ್ಟೋ ಭಾನುವಾರ ಕಳೆದಿದ್ದವು. ಲೀಸು ಬೇಕೆಂದದ್ದೂ ಅದಕ್ಕೇ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

"ಫುಕಟ್ ಹ್ಯಾಂಗ್ರೀ?" ಅಕ್ಕ ನನ್ನತ್ತ ತಿರುಗಿದಳು. "ಖರೀದಿ ಬಾಜೂಕ ಗ್ಯಾರೇಜ್ ಮಿಸ್ತ್ರಿ ಕೂಲಿ ಬರಿ, ತಮ್ಮಾ. ಕೆಟ್ಟಾಗ ತರೋ ಗಾಡಿ ಬಾಡಿಗಿನೂ ಬರಿ."

ವಹಿಸಿದ ಪಕ್ಷಕ್ಕಾಗಿ ಹೇಳಿದಳೋ, ಗಂಡನಿಗಾಗಿಯೋ, ಈಗಲೂ ನನಗೆ ಗೊತ್ತಿಲ್ಲ. ತಾನು ಬಯಸಿದ ಖರೀದಿಯ ಮೇಲೆ ತಾನೇ ಭಾರ ಹೇರುತ್ತಿದ್ದಳು.

ಗಾಡಿಯ ಬೆಲೆ, ಬಡ್ಡಿ, ವಿಮೆ, ತೆರಿಗೆ, ಟೈರು, ಮಿಸ್ತ್ರಿ, ಬದಲಿ ಗಾಡಿಯ ಬಾಡಿಗೆ ಎಲ್ಲ ಖರೀದಿಯ ಕಡೆ ಕೂಡಿಸಿದೆ. ಭಾವನನ್ನು ಕೇಳಿ ಬರೆದುಕೊಂಡ ಮಾರಾಟದ ಬೆಲೆಯನ್ನು ನಂಬದೆ ಅರ್ಧಕ್ಕಿಳಿಸಿ ಕಳೆದೆ. ಆದರೂ ಮೂರು ವರ್ಷಕ್ಕೆ ಖರೀದಿಯೇ ಅಗ್ಗವಾಯಿತು. ತಕ್ಕಡಿ ತಿರುಗಿಸಿದ್ದು ಗೆರೆ ದಾಟುವ ಕಿಲೋಮೀಟರು. ನಿಲಂಗಾದಿಂದಲೇ ಗಾಡಿ ಮರಳುವುದಾಗಿದ್ದರೆ ಲೀಸು ಗೆಲ್ಲುತ್ತಿತ್ತು. ಹಾಗೆಂದು ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಟೆಂಪೊ ಬಂತು, ಏಜೆನ್ಸಿ ನಡೆದಿದೆ. ಈಗ ಭಾನುವಾರ ಭಾವ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾ ಮಿಸ್ತ್ರಿಯ ತಪ್ಪು ತೆಗೆಯುತ್ತಾರೆ.

"ಇಷ್ಟು ಗೊತ್ತಿದ್ರ ನೀವೇ ಮಾಡ್ರಿ, ಕಾಕಾ," ಅನ್ನುತ್ತಾನೆ ಅವನು.

"ನಾ ಮಾಡಿದ್ರ ಲೆಕ್ಕ ತಪ್ತದಪಾ."